ಅಳಗುಳಿಮಣೆಯ ಕಾಯಿ, ಮದುವೆ ಊಟದ ಪಂಕ್ತಿ: ಕಾಗದದ ಮೇಲೆ ಒಂದು ಆಟ ಕಟ್ಟಿದ ಬಗೆ

ಊಟ ಬಡಿಸುವುದರ ಮೇಲೆ ಬೋರ್ಡ್ ಗೇಮ್ ಮಾಡುತ್ತೇನೆ ಅಂದಾಗ ಕೇಳಿದವರೆಲ್ಲ ಒಂದೇ ಮಾತು ಹೇಳಿದ್ದರು: ಥೀಮ್ ಕೊನೆಗೆ ಅಂಟಿಸೋ ಬಣ್ಣ, ಮೊದಲು ಆಟ ಗಟ್ಟಿ ಮಾಡಿಕೊ. ನನ್ನ ವಿಧಾನ ಇದಕ್ಕೆ ಉಲ್ಟಾ. ಒಂದೇ ಒಂದು ಮೆಕ್ಯಾನಿಕ್, ಅಂದರೆ ಆಟವನ್ನು ನಡೆಸುವ ಮೂಲ ಚಲನೆ, ತಗೊಂಡು, ಅದಕ್ಕೆ ಸಂಬಂಧವೇ ಇಲ್ಲದ ಥೀಮ್ ಎದುರಿಗಿಟ್ಟು, ಆ ಥೀಮ್ ಯಾವ ನಿಯಮ ಉಳಿಸುತ್ತದೆ, ಯಾವುದನ್ನು ಕೊಲ್ಲುತ್ತದೆ ಅಂತ ಕಾಗದದ ಮೇಲೆ ನೋಡುವುದು. ಈಗ ಆಟ ಗಟ್ಟಿಯಾಗಿ ನಿಂತಿದೆ, ಆಡಿದವರು ಇನ್ನೊಂದು ಸಲ ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಜೋಡಿ ಹುಡುಕುವಾಗ ಮೆಕ್ಯಾನಿಕ್‌ನ ಹೆಸರು ಬರೆಯಬೇಡಿ, ಕೈ ಏನು ಮಾಡುತ್ತದೆ ಅನ್ನೋದನ್ನು ಬರೆಯಿರಿ. ಅಳಗುಳಿಮಣೆಗೆ ನಾನು ಬರೆದ ಚೀಟಿ: 'ಒಂದು ಕಡೆಯಿಂದ ಪೂರ್ತಿ ಎತ್ತು, ಸಾಲಾಗಿ ಒಂದೊಂದು ಬಿಡು, ಎಲ್ಲಿ ಮುಗಿಯುತ್ತೋ ಅಲ್ಲಿ ಏನೋ ಆಗುತ್ತೆ.' ಥೀಮ್‌ನ ಚೀಟಿಯಲ್ಲೂ ಹಾಗೆಯೇ, ಆ ಕೆಲಸ ಮಾಡುವಾಗ ಏನು ಮಾಡಿದರೆ ಬೈಸಿಕೊಳ್ಳುತ್ತೇವೆ ಅಂತ ಬರೆಯಬೇಕು. ಪಂಕ್ತಿ ಊಟದ ಚೀಟಿಯಲ್ಲಿ ಮೂರು ಬಂದವು. ನಡುವೆ ಯಾರನ್ನೂ ಬಿಟ್ಟು ಮುಂದೆ ಹೋಗಬಾರದು. ಅನ್ನ ಬೀಳದೆ ಹುಳಿ ಬರಬಾರದು. ಎಲೆಗೆ ಬಿದ್ದದ್ದು ವಾಪಸ್ ಪಾತ್ರೆಗೆ ಹೋಗಬಾರದು. ಬೈಗುಳವೇ ಇಲ್ಲದ ಥೀಮ್ ಎಷ್ಟೇ ಚೆಂದ ಇದ್ದರೂ ನಾನು ಬಿಡುತ್ತೇನೆ, ಯಾಕೆಂದರೆ ಅದು ಆಟಕ್ಕೆ ಚಿತ್ರ ಕೊಡುತ್ತದೆಯೇ ಹೊರತು ನಿಯಮ ಕೊಡುವುದಿಲ್ಲ.

ಸಾಮಾನಿನ ಖರ್ಚು ಮುನ್ನೂರು ರೂಪಾಯಿ ದಾಟಿಲ್ಲ. ಹಳೇ ಇಸ್ಪೀಟು ಕಟ್ಟು, ಕಾರ್ಡ್ ತೂರಿಸುವ ಪ್ಲಾಸ್ಟಿಕ್ ಸ್ಲೀವ್‌ಗಳು, ಬಿಳಿ ಹಾಳೆ, ಪೆನ್ಸಿಲ್. 63×88 ಮಿಮೀ ಅಳತೆಯಲ್ಲಿ ಒಂದು ಎ4 ಹಾಳೆಗೆ ಒಂಬತ್ತು ಕಾರ್ಡ್ ಕೂರುತ್ತವೆ, ಒಂದೊಂದು ಕಾರ್ಡೂ ಒಂದು ಊಟದ ಎಲೆ. ಕತ್ತರಿಸಿ ಇಸ್ಪೀಟಿನ ಎಲೆಯ ಮುಂದಿಟ್ಟು ಸ್ಲೀವ್‌ಗೆ ತೂರಿಸಿದರೆ ಮುಗಿಯಿತು. ಇದನ್ನೇ 300 ಜಿಎಸ್‌ಎಂ ಬೋರ್ಡಿನಲ್ಲಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿ ಕಟಿಂಗ್ ಮಾಡಿಸಿದರೆ ಸಲಕ್ಕೆ ನಾನೂರು ಐನೂರು ಹೋಗುತ್ತದೆ, ಜೊತೆಗೆ ದುಡ್ಡು ಕೊಟ್ಟ ಮೇಲೆ ನಿಯಮ ಬದಲಿಸಲು ಕೈ ಬರುವುದಿಲ್ಲ. ಕಾಯಿಗಳಿಗೆ ಕಡಲೆ ಬೇಡ, ಉರುಳಿ ಪಕ್ಕದ ಎಲೆಗೆ ಹೋಗುತ್ತದೆ, ಲೆಕ್ಕ ಕೆಡುತ್ತದೆ. ಅನ್ನಕ್ಕೆ ಬಿಳಿ ಅಂಗಿಗುಂಡಿ, ಪಲ್ಯಕ್ಕೆ ಹಸಿರು ಗುಂಡಿ, ಹುಳಿಗೆ ಹುಣಸೆ ಬೀಜ, ಪಾಯಸಕ್ಕೆ ಕವಡೆ ಇಟ್ಟೆ.

ಮೊದಲ ರೂಪ ಹೆಚ್ಚುಕಮ್ಮಿ ಅಳಗುಳಿಮಣೆಯ ನೇರ ನಕಲು. ಏಳೇಳು ಕುಳಿಯ ಬದಲು ಎದುರುಬದುರು ಆರಾರು ಎಲೆ, ಯಾವ ಎಲೆಯಿಂದಲಾದರೂ ಎತ್ತಿ ಮುಂದಕ್ಕೆ ಹಂಚುವುದು, ಖಾಲಿ ಕುಳಿಯ ಆಚೆಯದ್ದನ್ನು ಗೆಲ್ಲುವ ಹಾಗೆ ಖಾಲಿ ಎಲೆಯ ಆಚೆಯದ್ದನ್ನು ಬಾಚುವುದು. ಇದು ಮೊದಲ ಸುತ್ತಿನಲ್ಲೇ ಬಿತ್ತು. ಎಲೆಯಿಂದ ಎತ್ತಿ ಇನ್ನೊಂದು ಎಲೆಗೆ ಹಾಕಿದರೆ ಅದು ಎಂಜಲು, ಆಡುವವರ ಕೈ ತಾನಾಗಿ ಹಿಂದೆ ಸರಿಯಿತು. ಇಂಥ ಕಡೆ ಹೆಚ್ಚಿನವರು ಥೀಮ್ ಬದಲಿಸುತ್ತಾರೆ. ನಾನು ಎತ್ತುವ ಜಾಗವನ್ನೇ ಬದಲಿಸಿದೆ. ಎಲೆಗಳು ಬರೀ ತೆಗೆದುಕೊಳ್ಳುತ್ತವೆ. ಎತ್ತುವುದು ಪಕ್ಕದಲ್ಲಿಟ್ಟ ನಾಲ್ಕು ಬಕೆಟ್‌ಗಳಿಂದ. ಸುತ್ತುವ ಮಣೆ ಹೋಗಿ ಸಾಲು ಉಳಿಯಿತು, ಬಕೆಟ್ ಎಲ್ಲಿ ಖಾಲಿಯಾಗುತ್ತದೆ ಅನ್ನೋದೇ ಆಟದ ಜೀವವಾಯಿತು. ಮೂಲ ಮಣೆಯಲ್ಲಿ ಇಲ್ಲದ ಈ ರೂಪವನ್ನು ಕೊಟ್ಟದ್ದು ಥೀಮ್.

ಎರಡನೇ ತೊಂದರೆ ಯೋಚನೆಯ ಭಾರ. ಯಾವ ಬಕೆಟ್ಟನ್ನಾದರೂ ಯಾವ ಎಲೆಯಿಂದಲಾದರೂ ಶುರುಮಾಡಬಹುದು ಅಂತಿದ್ದಾಗ ನಾಲ್ಕು ಬಕೆಟ್, ಹನ್ನೆರಡು ಎಲೆ, ಒಟ್ಟು 48 ದಾರಿ. ಎಣಿಸಿ ಎಣಿಸಿ ಒಂದು ಸರದಿಗೆ ಎರಡು ನಿಮಿಷ ಮೇಲಾಗುತ್ತಿತ್ತು. ಬೆರಳು ಗಾಳಿಯಲ್ಲಿ ಎಲೆಗಳ ಮೇಲೆ ಓಡಾಡತೊಡಗಿದರೆ ಈ ರೋಗ ಇದೆ ಅಂತಲೇ ಲೆಕ್ಕ. ಮದ್ದು ಊಟದ ಮನೆಯಲ್ಲೇ ಇತ್ತು: ಅನ್ನದ ಬಕೆಟ್ ಎಲ್ಲಿ ನಿಂತಿತೋ ಮುಂದಿನ ಸಲ ಅದರ ಪಕ್ಕದ ಎಲೆಯಿಂದಲೇ ಶುರು. ಒಂದೊಂದು ಪದಾರ್ಥಕ್ಕೂ ಒಂದು ಗುರುತು ಎಲೆಯ ತಲೆಗಿಟ್ಟೆ. ದಾರಿ ನಾಲ್ಕಕ್ಕೆ ಇಳಿಯಿತು, ಸರದಿ ಅರ್ಧ ನಿಮಿಷಕ್ಕೆ ಬಂತು.

ಮೂರನೆಯದು ಉದ್ದ. ಒಂದು ಬಕೆಟ್ ಎತ್ತಿದಾಗ ಉಳಿದ ಮೂರಕ್ಕೆ ಒಂದೊಂದು ಕಾಯಿ ಸೇರುತ್ತದೆ, ಅಡುಗೆಮನೆಯಿಂದ ತುಂಬಿಸಿದ ಹಾಗೆ. ಬಕೆಟ್‌ಗೆ ಐದರಂತೆ ಶುರುಮಾಡಿದರೆ ಮೊದಲೇ ಇಪ್ಪತ್ತು ಕಾಯಿ. ಹನ್ನೆರಡು ಎಲೆಗೆ ನಾಲ್ಕರಂತೆ ಬೇಕಾದ್ದು 48. ಉಳಿದ 28 ಸರದಿಗೆ ಮೂರರಂತೆ ಬರುತ್ತದೆ, ಅಂದರೆ ಸುಮಾರು ಹತ್ತು ಸರದಿಯಲ್ಲಿ ಊಟ ಮುಗಿಯುತ್ತದೆ. ಮೂವರು ಆಡಿದರೆ ತಲೆಗೆ ಮೂರೇ ಚಿಲ್ಲರೆ. ಬಕೆಟ್‌ಗೆ ಎರಡರಂತೆ ಶುರುಮಾಡಿ, ಎಲೆ ಎತ್ತಿ ಎರಡನೇ ಪಂಕ್ತಿಯನ್ನೂ ಕೂರಿಸಿದೆ. ಈಗ ಸುಮಾರು ಮೂವತ್ತು ಸರದಿ, ಹದಿನೈದು ಇಪ್ಪತ್ತು ನಿಮಿಷ. ಈ ಲೆಕ್ಕವನ್ನು ಕಾಯಿ ಜೋಡಿಸುವ ಮೊದಲೇ ಹಾಳೆಯಲ್ಲಿ ಮಾಡಿಕೊಂಡರೆ ಎಷ್ಟೋ ಆಟ ಉಳಿಯುತ್ತದೆ.

ಥೀಮ್ ನಿಜವಾಗಿ ದುಡಿಯುತ್ತಿದೆಯಾ ಅಂತ ನೋಡಲು ಒಂದು ಪರೀಕ್ಷೆ ಇದೆ, ಇದನ್ನು ಬಿಟ್ಟರೆ ವಿಧಾನವೇ ಅರ್ಧ. ಅದೇ ಆಟದ ಇನ್ನೊಂದು ಕಟ್ಟು ಮಾಡಿ: ಎಲೆ ಬದಲು 1ರಿಂದ 12ರವರೆಗೆ ಚೌಕ, ಅನ್ನ ಹುಳಿ ಬದಲು ಬಿಳಿ ಕಂದು. ಬೇರೆ ಬೇರೆ ಗುಂಪಿಗೆ ಕೊಟ್ಟು, ಬಾಯಿ ಮುಚ್ಚಿ ಕೂತು, ನಿಯಮದ ಬಗ್ಗೆ ಎಷ್ಟು ಪ್ರಶ್ನೆ ಬಂತು ಅಂತ ಗೆರೆ ಹಾಕಿ. ಚೌಕದ ಕಟ್ಟಿಗೆ ಒಂದು ಆಟಕ್ಕೆ ಹನ್ನೆರಡು ಹದಿನೈದು ಪ್ರಶ್ನೆ ಬರುತ್ತಿದ್ದವು, ಎಲೆಯ ಕಟ್ಟಿಗೆ ನಾಲ್ಕೈದು. 'ಕಂದು ಕಾಯಿ ಬಿಳಿ ಇಲ್ಲದ ಚೌಕಕ್ಕೆ ಬಂದರೆ ಅಲ್ಲೇ ನಿಲ್ಲು, ಉಳಿದದ್ದು ಬಕೆಟ್ಟಿನಲ್ಲೇ ಇರಲಿ' ಅನ್ನೋದು ಪದೇ ಪದೇ ಮರೆತುಹೋಗುವ ನಿಯಮ. ಅನ್ನವಿಲ್ಲದ ಎಲೆಗೆ ಹುಳಿ ಹಾಕಲು ಹೋದವರನ್ನು ಪಕ್ಕದವರೇ ತಡೆಯುತ್ತಾರೆ. ಎರಡೂ ಕಟ್ಟಿಗೆ ಪ್ರಶ್ನೆ ಸಮಸಮ ಬಂದರೆ ಥೀಮ್ ಬರೀ ಅಲಂಕಾರ, ಆ ಜೋಡಿ ಬಿಡಿ.

ನಡುವೆ ಆಲೆಮನೆಯನ್ನೂ ನೋಡಿದೆ. ಅದಕ್ಕೆ ಜೋಡಿ, ಇನ್ನೊಂದು ಸಲ ಎತ್ತಲೋ ನಿಲ್ಲಿಸಲೋ ಅನ್ನುವ ಅದೃಷ್ಟದ ಮೆಕ್ಯಾನಿಕ್. ಚೀಲದಿಂದ ಬೀಜ ತೆಗೆಯುತ್ತಾ ಹೋಗು, ಮಸಿ ಹಚ್ಚಿದ ಮೂರನೇ ಬೀಜ ಬಂದರೆ ಪಾಕ ಸೀದು ಹೋಯಿತು. ಕೈಕೆಲಸ ಅದ್ಭುತವಾಗಿ ಕೂಡುತ್ತದೆ. ಆದರೆ ಬೆಲ್ಲದ ಹದ ಕಂಡವರಿಗೆ ಪಾಕ ನೋಡಿ ನಿರ್ಧರಿಸುವುದು ಗೊತ್ತು, ಚೀಲದಲ್ಲಿ ನೋಡಲು ಏನೂ ಇಲ್ಲ. ಗೊತ್ತಿರುವವರಿಗೇ ಸುಳ್ಳು ಅನ್ನಿಸುವ ಜೋಡಿ ಅದು. ಬೀಜದ ಬದಲು ಮುಖ ಮೇಲಿಟ್ಟ ಕಾರ್ಡಿನ ಸಾಲು ಇಟ್ಟರೆ ಸರಿಹೋಗಬಹುದು, ಆ ಕೆಲಸ ಇನ್ನೂ ಬಾಕಿ ಇದೆ.

ಪಂಕ್ತಿಯ ಆಟದಲ್ಲಿ ಬಹಳ ಕಾಡಿದ್ದು ಅಂಕ. ಒಂದು ಎಲೆಗೆ ನಾಲ್ಕನೆಯ ಪದಾರ್ಥ ಹಾಕಿದವರಿಗೆ ಆ ಎಲೆಯ ಅಂಕ ಅಂತಿಟ್ಟರೆ, ಮೂರನೆಯದನ್ನು ಹಾಕಲು ಯಾರೂ ಒಪ್ಪುವುದಿಲ್ಲ. ಎಲ್ಲರೂ ಚಿಕ್ಕ ಬಕೆಟ್ ಎತ್ತಿ ಕಾಲ ತಳ್ಳುತ್ತಾರೆ, ಹುಳಿಯ ಬಕೆಟ್ ಎಂಟೊಂಬತ್ತಕ್ಕೆ ಏರಿ ಕೂರುತ್ತದೆ. ಬಕೆಟ್ ಹಾಗೆ ಬೆಳೆದರೆ ದೋಷ ಅಂಕದಲ್ಲಿದೆ, ಬಕೆಟ್ಟಿನಲ್ಲಲ್ಲ. ಮಿತಿ ಹಾಕಿ ನೋಡಿದೆ, ಕಾಯುವ ಜಾಗ ಬದಲಾಯಿತೇ ಹೊರತು ಕಾಯುವುದು ನಿಲ್ಲಲಿಲ್ಲ. ಕೊನೆಗೆ ಬಿಡಿಸಿದ್ದು ಖಾಲಿ ಬಕೆಟ್ ಹಿಡಿದು ನಿಂತವರಿಗೆ ಸಿಗುವ ಒಂದು ಸಣ್ಣ ಲಾಭ. ಅದು ಏನು, ಎಷ್ಟು ಅನ್ನೋದನ್ನು ಆಟದ ಡಬ್ಬಿ ಅಂಗಡಿಗೆ ಬರುವವರೆಗೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬಫೆ ಊಟವನ್ನಷ್ಟೇ ಕಂಡವರ ಜೊತೆ ಆಡಿಸಿದಾಗ ಪ್ರಶ್ನೆಗಳು ಮತ್ತೆ ಹತ್ತರ ಹತ್ತಿರ ಹೋಗುತ್ತವೆ. ಅವರಿಗಾಗಿ ಎಲೆ ಕಾರ್ಡಿನ ಮೇಲೆ ಅನ್ನದ ಜಾಗವನ್ನು ಚುಕ್ಕೆ ಗೆರೆಯಲ್ಲಿ ಬರೆದು, ಹುಳಿಯ ಜಾಗವನ್ನು ಅದರ ಒಳಗೇ ಇಟ್ಟೆ. ಬಿಳಿ ಗುಂಡಿಯ ಮೇಲೇ ಹುಣಸೆ ಬೀಜ ಕೂರಬೇಕು ಅಂತ ಕಣ್ಣಿಗೇ ಕಾಣುತ್ತದೆ. ಇಬ್ಬರೇ ಆಡುವುದಾದರೆ ಎಲೆ ಎಂಟಕ್ಕೆ ಇಳಿಸಿ, ಉಳಿದ ಲೆಕ್ಕ ಹಾಗೇ ಇರಲಿ.