ಗ್ರಿಪ್ ಸಾಕ್ಸ್ ಹಿಡಿಯುವುದು ನೆಲವನ್ನು, ಪಾದವನ್ನಲ್ಲ

ಬೆಳಿಗ್ಗೆ ಜಯನಗರದ ಮನೆಯ ಹತ್ತಿರ ಯೋಗ, ಕೆಲವು ಸಂಜೆ ಇಂದಿರಾನಗರದಲ್ಲಿ ಗಾಲಿಹಲಗೆಯ ಯಂತ್ರದ ಮೇಲೆ ಮಾಡುವ ರಿಫಾರ್ಮರ್ ಪಿಲಾಟಿಸ್, ವಾರಾಂತ್ಯದಲ್ಲಿ ಬ್ಯಾಲೆಯ ಅಡ್ಡಕಂಬಿ ಹಿಡಿದು ಮಾಡುವ ಬಾರ್ ವ್ಯಾಯಾಮದ ತರಗತಿ ಎಂದು ನನ್ನ ಅಭ್ಯಾಸವನ್ನು ಹಂಚಿಕೊಂಡಿದ್ದೇನೆ. ಒಂದೇ ಜೊತೆ ಗ್ರಿಪ್ ಸಾಕ್ಸ್ ಮೂರಕ್ಕೂ ಸಾಕೇ ಎಂದು ಹೊಸಬರು ಕೇಳುತ್ತಿರುತ್ತಾರೆ. ನನ್ನ ಮಟ್ಟಿಗೆ ಸಾಕಾಗಲಿಲ್ಲ, ಮತ್ತು ಅದರ ಕಾರಣ ಯೋಗದ ಮ್ಯಾಟಿನ ಮೇಲೆಯೇ ಸ್ಪಷ್ಟವಾಯಿತು.

ವೀರಭದ್ರಾಸನದ ಎರಡನೆಯ ಭಂಗಿಯಲ್ಲಿ ಕಾಲುಗಳನ್ನು ಅಗಲಿಸಿ ನಿಂತಾಗ ಹಿಂದಿನ ಪಾದ ಹೊರಕ್ಕೆ ಸರಿಯಲು ನೋಡುತ್ತದೆ. ಬರಿಗಾಲಿನಲ್ಲಿ ಮ್ಯಾಟು ಮತ್ತು ಚರ್ಮದ ನಡುವೆ ಒಂದೇ ಹಿಡಿತವಿದ್ದರೆ, ಸಾಕ್ಸ್ ತೊಟ್ಟಾಗ ಎರಡು ಹಿಡಿತಗಳು ಬೇಕಾಗುತ್ತವೆ: ಸಾಕ್ಸಿನ ಅಡಿಯಲ್ಲಿರುವ ಸಿಲಿಕೋನ್ ಚುಕ್ಕೆಗಳು ಮ್ಯಾಟನ್ನು ಹಿಡಿಯಬೇಕು, ಸಾಕ್ಸಿನ ಒಳಬಟ್ಟೆ ಪಾದವನ್ನು ಹಿಡಿಯಬೇಕು. ಚುಕ್ಕೆಗಳು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ, ಆದರೆ ಪಾದ ಬೆವರಿದಾಗ ಸಾಕ್ಸ್ ನಿಂತಲ್ಲೇ ನಿಂತು, ಅದರೊಳಗೆ ಪಾದ ಜಾರತೊಡಗುತ್ತದೆ. ಇದನ್ನು ಗುರುತಿಸುವುದು ಸುಲಭ. ಭಂಗಿಯಲ್ಲಿ ಹತ್ತು ಉಸಿರಾಟದಷ್ಟು ಹೊತ್ತು ನಿಂತು, ಬಳಿಕ ಸಾಕ್ಸಿನ ಹಿಮ್ಮಡಿಯ ಚೀಲ ಎಲ್ಲಿದೆ ಎಂದು ನೋಡಬೇಕು. ಅದು ಪಾದದ ಪಕ್ಕಕ್ಕೆ ತಿರುಗಿದ್ದರೆ ಅಥವಾ ಬೆರಳ ತುದಿಯಲ್ಲಿ ಬಟ್ಟೆ ಸಡಿಲವಾಗಿ ಉಳಿದಿದ್ದರೆ, ಜಾರಿದ್ದು ಒಳಗಡೆ. ‘ಫ್ರೀ ಸೈಜ್’ ಎಂದು ಮಾರುವ ಸಾಕ್ಸ್‌ಗಳಲ್ಲಿ ನನಗೆ ಈ ತೊಂದರೆ ಹೆಚ್ಚು ಕಂಡಿದೆ. ಬೆರಳುಗಳಿಗೆ ಪ್ರತ್ಯೇಕ ಗೂಡುಗಳಿರುವ ಬಿಗಿಯಾದ ಸಾಕ್ಸ್‌ನಲ್ಲಿ ಅಷ್ಟಾಗಿ ಇಲ್ಲ. ಹಾಗಿದ್ದರೂ ಯೋಗಕ್ಕೆ ನಾನು ಬರಿಗಾಲನ್ನೇ ಉಳಿಸಿಕೊಂಡಿದ್ದೇನೆ. ವೃಕ್ಷಾಸನದಲ್ಲಿ ಒಂಟಿ ಕಾಲಿನಲ್ಲಿ ನಿಂತಾಗ ಭಾರ ಹೆಬ್ಬೆರಳಿನ ಬುಡದಿಂದ ಹೊರ ಅಂಚಿಗೆ ಸರಿಯುವುದು ಬರಿ ಚರ್ಮಕ್ಕೆ ಎಷ್ಟು ಬೇಗ ತಿಳಿಯುತ್ತದೆಯೋ ಬಟ್ಟೆಯ ಮೂಲಕ ಅಷ್ಟು ಬೇಗ ತಿಳಿಯುವುದಿಲ್ಲ. ಅಂಗಾಲು ತೀರ ಬೆವರುವ ದಿನ ಮ್ಯಾಟಿನ ತುದಿಯಲ್ಲಿ ಒಂದು ಒಣ ಟವೆಲ್ ಇಟ್ಟುಕೊಂಡು ನಡುನಡುವೆ ಒರೆಸಿಕೊಳ್ಳುತ್ತೇನೆ.

ರಿಫಾರ್ಮರ್ ಮೇಲೆ ಲೆಕ್ಕಾಚಾರ ಬದಲಾಗುತ್ತದೆ. ಸ್ಪ್ರಿಂಗ್‌ಗಳಿಗೆ ಕಟ್ಟಿದ ಗಾಲಿಹಲಗೆಯ ಮೇಲೆ ನಿಂತು ಮಾಡುವ ವ್ಯಾಯಾಮದಲ್ಲಿ ಪಾದ ಜಾರಿದರೆ ಹಲಗೆಯೂ ಸರಿಯುತ್ತದೆ, ಅದರ ಹೊದಿಕೆಯ ಮೇಲೆ ಬೆವರಿದ ಬರಿಗಾಲು ನಿಲ್ಲುವುದೂ ಕಷ್ಟ. ಇನ್ನೊಬ್ಬರು ಪಾದ ತೂರಿಸಿದ್ದ ಪಟ್ಟಿಗಳಿಗೇ ನಾವೂ ಪಾದ ತೂರಿಸುವುದರಿಂದ ಸ್ವಚ್ಛತೆಯ ಪ್ರಶ್ನೆಯೂ ಇದೆ. ಇಲ್ಲಿ ಗ್ರಿಪ್ ಸಾಕ್ಸ್ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಯಂತ್ರದ ತುದಿಯಲ್ಲಿ ಪಾದ ಊರುವ ಕಂಬಿಯಾದ ಫುಟ್‌ಬಾರ್ ಮೇಲೆ ಪಾದದ ಕಮಾನನ್ನೂ ಹಿಮ್ಮಡಿಯನ್ನೂ ಇಡಬೇಕಾದ್ದರಿಂದ ಚುಕ್ಕೆಗಳು ಮುಂಗಾಲಿಗಷ್ಟೇ ಸೀಮಿತವಾಗಿರದೆ ಅಂಗಾಲಿನ ತುಂಬ ಹರಡಿವೆಯೇ ಎಂದು ನೋಡಿಯೇ ಕೊಳ್ಳುತ್ತೇನೆ.

ಬಾರ್ ತರಗತಿಯಲ್ಲಿ ಹಿಡಿತ ಹೆಚ್ಚಾಗುವುದೇ ಕೆಲವೊಮ್ಮೆ ತೊಂದರೆ. ಬ್ಯಾಲೆ ನರ್ತಕರಂತೆ ಅಡ್ಡಕಂಬಿ ಹಿಡಿದು, ಹಿಮ್ಮಡಿಗಳನ್ನು ಕೂಡಿಸಿ ಬೆರಳುಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವಾಗ, ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ನುಣುಪಾದ ಮರದ ನೆಲದ ಮೇಲೆ ಸೊಂಟ ಒಪ್ಪದಷ್ಟು ಪಾದಗಳನ್ನು ತಿರುಗಿಸಿದರೆ ಅವು ತಾವಾಗಿ ಒಳಕ್ಕೆ ಜಾರಿ ಬರುತ್ತವೆ. ಗಟ್ಟಿಯಾಗಿ ಹಿಡಿಯುವ ಸಾಕ್ಸ್ ಈ ಎಚ್ಚರಿಕೆಯನ್ನೇ ಅಡಗಿಸಿ ಪಾದವನ್ನು ಅಲ್ಲೇ ನಿಲ್ಲಿಸುತ್ತದೆ, ಉಳಿದ ತಿರುಚುವಿಕೆಯನ್ನು ಮಂಡಿ ಹೊರಬೇಕಾಗುತ್ತದೆ. ಆದ್ದರಿಂದ ನಾನು ಪ್ಲಿಯೆಯಲ್ಲಿ, ಅಂದರೆ ಮಂಡಿ ಬಾಗಿಸಿದಾಗ, ಮಂಡಿಚಿಪ್ಪು ಕಾಲಿನ ಎರಡನೆಯ ಬೆರಳಿನ ನೇರಕ್ಕೆ ಬರುತ್ತದೆಯೇ ಎಂದು ಕನ್ನಡಿಯಲ್ಲಿ ನೋಡುತ್ತೇನೆ. ಒಳಕ್ಕೆ ಬಿದ್ದರೆ ಪಾದಗಳ ತಿರುವನ್ನು ಕಡಿಮೆ ಮಾಡುತ್ತೇನೆ. ದಿಕ್ಕು ಬದಲಿಸುವಾಗಲೂ ಹಿಮ್ಮಡಿ ಎತ್ತಿಯೇ ತಿರುಗುತ್ತೇನೆ.

ಈ ತರಗತಿಗಾಗಿಯೇ ಅಡಿಭಾಗ ಎರಡು ತುಂಡಾಗಿರುವ ತೆಳು ಚರ್ಮದ ಬ್ಯಾಲೆ ಶೂ ಒಂದು ಜೊತೆ ಇಟ್ಟುಕೊಂಡಿದ್ದೇನೆ. ಅದು ಗ್ರಿಪ್ ಸಾಕ್ಸಿಗಿಂತ ಕಡಿಮೆ ಹಿಡಿಯುತ್ತದೆ, ಬೆವರಿದ ಬರಿಗಾಲಿನಂತೆ ಒಮ್ಮೆ ಅಂಟಿ ಒಮ್ಮೆ ಜಾರುವುದೂ ಇಲ್ಲ, ಮುಂಗಾಲಿನ ಮೇಲೆ ಏರಿ ನಿಂತಾಗ ನಡುವೆ ಸಲೀಸಾಗಿ ಬಾಗುತ್ತದೆ. ಶೂ ಎಂದರೆ ಮೆತ್ತೆ ಇರುತ್ತದೆಂದು ನಂಬಿ ಹಿಮ್ಮಡಿ ನೋವಿಗೆ ಇದನ್ನು ಕೊಳ್ಳುವವರಿಗೆ ನಿರಾಶೆಯೇ ಆಗುವುದು, ಏಕೆಂದರೆ ಅದರಲ್ಲಿ ಮೆತ್ತೆ ಎನ್ನುವಂಥದ್ದು ಹೆಚ್ಚೇನೂ ಇಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿರುವವರ ವಿಚಾರ ಬೇರೆ. ಗಾಯವಾದರೂ ಗೊತ್ತಾಗದ ಕಾರಣ ಅವರು ಬರಿಗಾಲಿನಲ್ಲಿ ಮಾಡದೆ, ಏನು ತೊಡಬೇಕೆಂದು ವೈದ್ಯರನ್ನೇ ಕೇಳಬೇಕು.

ಸಾಕ್ಸ್ ಒಗೆಯುವಾಗ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆಯುತ್ತೇನೆ. ಕಂಫರ್ಟ್‌ನಂಥ ದ್ರವ ಹಾಕುವುದಿಲ್ಲ, ಅದು ಚುಕ್ಕೆಗಳ ಮೇಲೆ ಜಾರು ಪದರ ಬಿಡುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ದಪ್ಪ ಅಡಿಯ ಸಾಕ್ಸ್ ಒಂದು ದಿನದಲ್ಲಿ ಒಣಗುವುದಿಲ್ಲ, ಅರೆಬರೆ ಒಣಗಿದ್ದನ್ನು ತೊಟ್ಟರೆ ಬೆರಳುಗಳ ಸಂದಿಯಲ್ಲಿ ಫಂಗಸ್ ಬೆಳೆಯಲು ಅನುಕೂಲವಾಗುತ್ತದೆ. ಹಾಗಾಗಿ ಜೂನ್‌ನಿಂದ ಬದಲಿ ಜೊತೆ ಇಟ್ಟುಕೊಳ್ಳುತ್ತೇನೆ. ಹೆಬ್ಬೆರಳಿನ ಬುಡದಲ್ಲಿ ಚುಕ್ಕೆಗಳು ಸವೆದು ಬಟ್ಟೆಯ ಮಟ್ಟಕ್ಕೆ ಬಂದ ಜೊತೆಯನ್ನು ರಿಫಾರ್ಮರ್‌ಗೆ ಮತ್ತೆ ಒಯ್ಯುವುದಿಲ್ಲ.