ಡೇರಿ ಮುಂದಿನ ಕ್ಯಾನ್ ಸಾಲೂ ನನ್ನ ಲೆಕ್ಕವೂ

ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದಾಗ ‘ಎಡದಿಂದ, ಬಲದಿಂದ’ ಪ್ರಶ್ನೆಗಳಲ್ಲಿ ನಾನು ಎಡವುತ್ತಲೇ ಇದ್ದೆ. ಸಾಲಿನಲ್ಲಿ ಒಬ್ಬ ಎಡದಿಂದ ಎಷ್ಟನೆಯವನು, ಬಲದಿಂದ ಎಷ್ಟನೆಯವನು ಅಂತ ಕೊಟ್ಟು, ಸಾಲಿನಲ್ಲಿ ಒಟ್ಟು ಎಷ್ಟು ಜನ ಅಂತ ಕೇಳುವ ಪ್ರಶ್ನೆಗಳವು. ಎರಡೂ ಕೂಡಿಸಿ ಒಂದು ಕಳೆಯಬೇಕು ಅನ್ನುವ ಸೂತ್ರ ಬಾಯಿಪಾಠವಾಗಿತ್ತು. ಪ್ರಶ್ನೆಯನ್ನು ಒಂಚೂರು ತಿರುಚಿದರೆ ಮುಗೀತು, ತಪ್ಪು.

ಅದು ತಲೆಗೆ ಹತ್ತಿದ್ದು ಮುಳಬಾಗಿಲು ಕಡೆಯ ನಮ್ಮೂರ ಹಾಲಿನ ಡೇರಿ ಮುಂದೆ. ಬಾಗಿಲು ತೆಗೆಯೋ ಮುಂಚೆ ಎಲ್ಲರೂ ಕ್ಯಾನುಗಳನ್ನು ಗೋಡೆ ಉದ್ದಕ್ಕೂ ಸಾಲಾಗಿಟ್ಟು ಕಟ್ಟೆ ಮೇಲೆ ಕೂತಿರುತ್ತಾರೆ. ಒಂದಿನ ನಾನು ಎಡಗಡೆಯಿಂದ ಎಣಿಸಿದೆ, ನಮ್ಮ ಕ್ಯಾನು 9ನೆಯದು. ತಮ್ಮ ಬಲಗಡೆಯಿಂದ ಎಣಿಸಿ 7 ಅಂದ. ನಾನು 16 ಅಂದೆ, ಇದ್ದದ್ದು 15. ನಮ್ಮ ಕ್ಯಾನನ್ನು ನಾನೂ ಮುಟ್ಟಿದ್ದೆ, ಅವನೂ ಮುಟ್ಟಿದ್ದ!

ಅಂದಿನಿಂದ ಸೂತ್ರ ಬಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಆ ಮನುಷ್ಯ ಎಷ್ಟು ಸಲ ಎಣಿಕೆಗೆ ಬಂದ? ‘ಎಡದಿಂದ 14ನೆಯವನು, ಬಲದಿಂದ 12ನೆಯವನು’ ಅಂದರೆ ಎರಡು ಸಲ ಬಂದ, ಒಂದು ಕಳೆದು 25. ‘ಎಡದಿಂದ 14ನೆಯವನು, ಅವನ ಬಲಕ್ಕೆ 12 ಜನ’ ಅಂದರೆ ಒಂದೇ ಸಲ, ಹಾಗಾಗಿ ನೇರವಾಗಿ 26. ‘ಎಡಕ್ಕೆ 14 ಜನ, ಬಲಕ್ಕೆ 12 ಜನ’ ಅಂದರೆ ಪಾಪ ಅವನನ್ನು ಯಾರೂ ಎಣಿಸಿಲ್ಲ, ಒಂದು ಸೇರಿಸಿ 27. ‘ದಿಂದ’, ‘ಕ್ಕೆ’ ಅನ್ನುವ ಪ್ರತ್ಯಯಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯೋ ಅಭ್ಯಾಸ ನನಗೆ ಹಾಗೆ ಬಂತು.

ಇನ್ನೊಂದು ಜಾತಿಯ ಪ್ರಶ್ನೆ ಇದಕ್ಕಿಂತ ಕಿಲಾಡಿ. ರವಿ ಎಡದಿಂದ 14ನೆಯವನು, ಗಿರೀಶ ಬಲದಿಂದ 12ನೆಯವನು, ಇಬ್ಬರ ನಡುವೆ 4 ಜನ. ನಾನು ಮೂರನ್ನೂ ಕೂಡಿಸಿ 30 ಬರೆದುಬಿಡುತ್ತಿದ್ದೆ. ರವಿಯ ಬಲಕ್ಕೆ ಗಿರೀಶ ನಿಂತಿದ್ದರೆ ಅದು ಸರಿಯೇ. ಆದರೆ ಗಿರೀಶ ರವಿಯ ಎಡಕ್ಕೂ ನಿಂತಿರಬಹುದಲ್ಲ? ಆಗ ನಡುವಿನ ನಾಲ್ವರನ್ನು ಬಿಟ್ಟು ಹಿಂದಕ್ಕೆ ಬಂದರೆ ಗಿರೀಶನದು ಎಡದಿಂದ 9ನೇ ಜಾಗ. ಬಲದಿಂದ 12ನೆಯವನೂ ಅವನೇ. 9ಕ್ಕೆ 12 ಕೂಡಿಸಿ ಒಂದು ಕಳೆದರೆ 20. ಇಲ್ಲಿ ನಡುವಿನ ನಾಲ್ವರು, ರವಿ, ಗಿರೀಶ, ಒಟ್ಟು ಆರು ಜನ ಎರಡೆರಡು ಸಲ ಎಣಿಕೆಗೆ ಬಿದ್ದಿದ್ದಾರೆ. 26ರಲ್ಲಿ 6 ಕಳೆದರೂ ಅದೇ 20.

‘ಕನಿಷ್ಠ ಎಷ್ಟು ಜನ’ ಅಂತ ಕೇಳಿದರೆ 20ನ್ನೇ ಗುರುತಿಸಬೇಕು. ಆ ಪದ ಇಲ್ಲದೆ, ಯಾರು ಯಾರ ಯಾವ ಕಡೆ ಅಂತಲೂ ಹೇಳದೆ, ಆಯ್ಕೆಗಳಲ್ಲಿ 20, 30 ಎರಡೂ ಇದ್ದರೆ ‘ನಿರ್ಧರಿಸಲಾಗದು’ ಅನ್ನೋದನ್ನು ಹುಡುಕುತ್ತೇನೆ. ಎಡದಿಂದ ಎಣಿಸಿದ ಸ್ಥಾನ ಚಿಕ್ಕದಾಗಿದ್ದರೆ ಈ ತಲೆನೋವಿಲ್ಲ: ರವಿ ಎಡದಿಂದ 4ನೆಯವನಾಗಿದ್ದರೆ ಅವನ ಎಡಕ್ಕಿರೋದೇ ಮೂವರು, ನಡುವೆ ನಾಲ್ವರನ್ನು ಬಿಟ್ಟು ಗಿರೀಶ ಅಲ್ಲಿ ನಿಲ್ಲೋದು ಹೇಗೆ? ಅಲ್ಲಿ ಕೂಡಿಸಿದ 20 ಒಂದೇ ಉತ್ತರ.