ಹಲೋ ಅಂದ ಮೇಲಿನ ಹತ್ತು ಸೆಕೆಂಡ್: ಶಿರಸಿಯ ನಮ್ಮ ಕಾಲಿಂಗ್ ರೂಮಿನ ಅನುಭವ

ಕಳೆದ ಬೇಸಿಗೆಯಲ್ಲಿ ನಾನು ತಾನೇ ನಂಬರ್ ಒತ್ತುವ ಡಯಲರ್ ತೆಗೆಸಿ, ನಮ್ಮ ಹುಡುಗಿಯರಿಗೆ ಕೈಯಲ್ಲೇ ನಂಬರ್ ಒತ್ತಿ ಅಂದಾಗ ಎಲ್ಲರೂ ತಲೆ ಕೆಟ್ಟಿದೆ ಅಂದರು. ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುವ ಗೆಳೆಯನೊಬ್ಬ "ಎರಡು ತಿಂಗಳಲ್ಲಿ ಬಾಗಿಲು ಹಾಕ್ತೀಯ" ಅಂತ ನೇರವಾಗಿಯೇ ಹೇಳಿದ. ಬಾಗಿಲು ಹಾಕಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಐದು ಸೀಟಿನ ಸಣ್ಣ ರೂಮು. ಇನ್ವರ್ಟರ್ ಡೀಲರ್‌ಗಳ ಪರವಾಗಿ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ, ಬ್ಯಾಟರಿಗೆ ನೀರು ಹಾಕಿ ಟರ್ಮಿನಲ್ ಒರೆಸುವ ಹುಡುಗ ಯಾವತ್ತು ಬರಬೇಕು ಅಂತ ದಿನ ಗೊತ್ತು ಮಾಡುವುದು ಕೆಲಸ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಗೊತ್ತಲ್ವಾ, ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲೇ ಹೆಚ್ಚು ಕೆಲಸ. ಒಂದು ವಿಸಿಟ್ ಗೊತ್ತಾದರೆ ನಮಗೆ 60 ರೂಪಾಯಿ. ಮಾರುವುದೇನೂ ಇಲ್ಲ. ಆದರೂ ಮೊದಲ ಮೂರು ತಿಂಗಳು, ಎತ್ತಿದ ನೂರು ಜನರಲ್ಲಿ ಸುಮಾರು 45 ಜನ ಹದಿನೈದು ಸೆಕೆಂಡ್ ಆಗುವುದರೊಳಗೆ ಫೋನ್ ಇಡುತ್ತಿದ್ದರು. ಒಬ್ಬೊಬ್ಬರಿಗೆ ದಿನಕ್ಕೆ ಎಂಟು ವಿಸಿಟ್ ಸಿಕ್ಕರೆ ಹೆಚ್ಚು. ಸಂಬಳ, ಬಾಡಿಗೆ, ಡಯಲರ್ ಬಾಡಿಗೆ ಎಲ್ಲ ಸೇರಿ ತಿಂಗಳಿಗೆ ಹತ್ತು ಸಾವಿರದ ಹತ್ತಿರ ಕೈಯಿಂದ ಹೋಗುತ್ತಿತ್ತು. ಅದರ ಮೇಲೆ ಒಬ್ಬ ಟ್ರೇನರ್‌ಗೆ 12 ಸಾವಿರ ಕೊಟ್ಟು ಸ್ಕ್ರಿಪ್ಟ್ ಬರೆಸಿದೆ. ಅದು ಹೀಗಿತ್ತು:

"ಶುಭೋದಯ ಸರ್, ನಾನು ಕಸ್ಟಮರ್ ಕೇರ್ ವಿಭಾಗದಿಂದ ಮಾತನಾಡುತ್ತಿದ್ದೇನೆ, ನಾನು ಶ್ರೀಯುತ ಇಂಥವರೊಂದಿಗೆ ಮಾತನಾಡುತ್ತಿದ್ದೇನೆಯೇ, ನಿಮ್ಮ ಅಮೂಲ್ಯವಾದ ಎರಡು ನಿಮಿಷ ಸಿಗಬಹುದೇ?"

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹತ್ತು ಸೆಕೆಂಡ್ ಮುಗಿದಿರುತ್ತದೆ. ಯಾವ ಊರು, ಯಾವ ಅಂಗಡಿ, ಯಾಕೆ ಅನ್ನುವುದು ಇನ್ನೂ ಬಂದೇ ಇಲ್ಲ. ಮೇಲಿಂದ ಎರಡು ಪ್ರಶ್ನೆ ಬೇರೆ. ನಮ್ಮ ಜನ ಮೋಸದ ಕರೆಗಳಿಗೆ ರೋಸಿ ಹೋಗಿದ್ದಾರೆ, ಗುರುತಿಲ್ಲದವರು ಹೆಸರು ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ.

ನಾನು ಒಂದು ವಾರ ಸಂಜೆ ಕೂತು ರೆಕಾರ್ಡಿಂಗ್ ಕೇಳಿದೆ, ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು. ಸುಮಾರು 200 ಕರೆ. ಆಗ ಗೊತ್ತಾಗಿದ್ದು, ಸ್ಕ್ರಿಪ್ಟಿಗಿಂತ ಮೊದಲೇ ತಪ್ಪು ಆಗುತ್ತಿದೆ ಅಂತ. ಡಯಲರ್ ಒಟ್ಟಿಗೆ ಹಲವು ನಂಬರ್ ಒತ್ತಿ, ಆ ಕಡೆ ಮನುಷ್ಯನ ದನಿ ಬಂದ ಮೇಲೆ ನಮ್ಮವರಿಗೆ ಜೋಡಿಸುತ್ತದೆ. ಅಷ್ಟರಲ್ಲಿ ಎರಡು ಸೆಕೆಂಡ್ ಪೂರಾ ಮೌನ. ಗಿರಾಕಿ "ಹಲೋ" ಅಂತಾರೆ, ಉತ್ತರ ಇಲ್ಲ. ಮತ್ತೆ ಜೋರಾಗಿ "ಹಲೋ?" ಅಂತಾರೆ. ನಮ್ಮ ಹುಡುಗಿ ಬಾಯಿ ತೆರೆಯುವಾಗ ಅವರು ಆಗಲೇ ಸಿಟ್ಟಾಗಿರುತ್ತಾರೆ. ಆ ಮೌನ ಕೇಳಿದರೆ ಸಾಕು, ಇದು ಕಂಪನಿ ಕರೆ ಅಂತ ಈಗ ಎಲ್ಲರಿಗೂ ತಿಳಿಯುತ್ತದೆ. ಡಯಲರ್ ತೆಗೆದ ಮೇಲೆ ನಮ್ಮವರು ರಿಂಗ್ ಆಗುವುದನ್ನೇ ಕೇಳುತ್ತಾ ಕಾಯುತ್ತಾರೆ, "ಹಲೋ" ಬಿದ್ದ ಕೂಡಲೇ ಉತ್ತರ ಹೋಗುತ್ತದೆ. ಒಬ್ಬರು ದಿನಕ್ಕೆ 180 ಕರೆ ಮಾಡುತ್ತಿದ್ದಲ್ಲಿ 90ಕ್ಕೆ ಇಳಿಯಿತು. ಡೀಲರ್ ಒಬ್ಬರು ಅದನ್ನು ನೋಡಿ ಕೂಗಾಡಿದರು, ನಾನು ಒಂದು ತಿಂಗಳು ಟೈಮ್ ಕೇಳಿದೆ.

ಆಮೇಲೆ ಮಾತು ಬದಲಿಸಿದೆ. ಹತ್ತು ಸೆಕೆಂಡಿನಲ್ಲಿ ಕನ್ನಡದ ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೆರಡು ಶಬ್ದ ಹಿಡಿಯುತ್ತದೆ, ಅದೂ ಓಡದೆ ಹೇಳಿದರೆ. ಈಗ ನಡೆಯುತ್ತಿರುವುದು ಇದು:

"ನಮಸ್ಕಾರ… ಶಿರಸಿ ಇನ್ವರ್ಟರ್ ಅಂಗಡಿಯಿಂದ (ಹೆಸರು) ಮಾತಾಡ್ತಿರೋದು. — ಹೋದ ಮೇ ತಿಂಗಳಲ್ಲಿ ನಮ್ಮ ಹುಡುಗ ಬಂದು ನಿಮ್ಮನೆ ಬ್ಯಾಟರಿಗೆ ನೀರು ಹಾಕಿದ್ದ. ಈ ಸಲ ಯಾವತ್ತು ಕಳಿಸ್ಲಿ?"

ಇಲ್ಲಿ "ನಮಸ್ಕಾರ" ಸುಮ್ನೆ ಮರ್ಯಾದೆಗೆ ಮಾತ್ರ ಅಲ್ಲ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಒಳಗೆ ಸಿಗ್ನಲ್ ಇಲ್ಲ, ಫೋನ್ ಎತ್ತಿದವರು ಜಗುಲಿಗೋ ಅಂಗಳಕ್ಕೋ ನಡೆದು ಬರುತ್ತಾರೆ. ಮೊದಲು ಹೇಳಿದ ಶಬ್ದ ಅವರಿಗೆ ಕೇಳುವುದೇ ಇಲ್ಲ. ನಾವು ಮೊದಲು "ಶಿರಸಿಯಿಂದ" ಅಂತಲೇ ಶುರು ಮಾಡಿದ್ದೆವು, ಊರಿನ ಹೆಸರೇ ನುಂಗಿಹೋಗಿ "ಯಾರು? ಎಲ್ಲಿಂದ?" ಅಂತ ಕೇಳುತ್ತಿದ್ದರು. ಅದಕ್ಕೇ ಕಳೆದುಹೋದರೂ ನಷ್ಟವಿಲ್ಲದ ಶಬ್ದ ಮೊದಲಿಗೆ, ಊರು ಅದರ ನಂತರ. ಹೆಸರಾದ ಮೇಲೆ ಒಂದು ಉಸಿರಿನಷ್ಟು ನಿಲ್ಲಬೇಕು. ಆ ಕಡೆಯಿಂದ "ಹೂಂ" ಬರುತ್ತದೆ. ಬಂದ ಮೇಲೆಯೇ ಮುಂದಿನ ಮಾತು. "ಹೂಂ" ಬಂದ ಕರೆ ಹದಿನೈದು ಸೆಕೆಂಡಿನೊಳಗೆ ಕಡಿಯುವುದು ತೀರಾ ಕಡಿಮೆ. ಹೆಸರು ಹೇಳುವಾಗ ದನಿ ಮೇಲೆ ಹೋಗಬಾರದು, ಕೆಳಗೆ ಇಳಿಯಬೇಕು. ಮೇಲೆ ಹೋದರೆ ತನ್ನ ಹೆಸರೇ ತನಗೆ ಗೊತ್ತಿಲ್ಲದವಳ ಹಾಗೆ ಕೇಳುತ್ತದೆ.

ನಂಬಿಕೆ ಹುಟ್ಟಿಸುವುದು ಆ ಎರಡನೇ ವಾಕ್ಯ. ಮೋಸ ಮಾಡುವವರು ಮಾಹಿತಿ ಕೇಳುತ್ತಾರೆ, ನಾವು ಮೊದಲು ಕೊಡುತ್ತೇವೆ. ಹೋದ ಸಲ ಬಂದ ತಿಂಗಳು ಅವರಿಗೂ ನೆನಪಿರುತ್ತದೆ. ಇದಕ್ಕೆ ಡೀಲರ್‌ನ ಹಳೆಯ ಸರ್ವಿಸ್ ಪುಸ್ತಕ ಬೇಕು, ನಾವು ಎರಡು ವಾರ ಕೂತು ಅದನ್ನು ಶೀಟಿಗೆ ಏರಿಸಿದೆವು. ತಿಂಗಳು ತಪ್ಪಾದರೆ ಮಾತ್ರ ಮುಗಿಯಿತು. ಕುಮಟಾ ಕಡೆಯ ಒಂದು ಪಟ್ಟಿಯಲ್ಲಿ ಸಾಲು ಒಂದು ಕೆಳಗೆ ಸರಿದು, ಒಂದು ಬೆಳಿಗ್ಗೆ ಪೂರ್ತಿ ಬೈಸಿಕೊಂಡೆವು. ಈಗ ತಿಂಗಳು ಖಾತ್ರಿ ಇಲ್ಲದಿದ್ದರೆ ನಮ್ಮವರು "ಹೋದ ಮಳೆಗಾಲದ ಮುಂಚೆ" ಅಂತಾರೆ.

ನಡುವೆ ಒಂದು ಬುದ್ಧಿವಂತಿಕೆ ಮಾಡಲು ಹೋಗಿ ಕೆಟ್ಟಿದ್ದೂ ಉಂಟು. "ನಾವು ಒಟಿಪಿ ಕೇಳೋದಿಲ್ಲ, ದುಡ್ಡು ಕೇಳೋದಿಲ್ಲ" ಅಂತ ಮೊದಲೇ ಹೇಳಿಸಿದೆ. ಕಡಿಯುವವರು ಜಾಸ್ತಿಯಾದರು! ಒಟಿಪಿ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ಹೆದರಿಕೆ ಶುರು. ನಾಲ್ಕೇ ದಿನಕ್ಕೆ ತೆಗೆದೆ. ಇನ್ನೊಂದು, ಪಟ್ಟಿಯಲ್ಲಿ ಹೆಗಡೆ, ಭಟ್ ಅಂತ ಇದ್ದರೆ "ಹೆಗಡೆಯವರೇ" ಅಂತ ಕರೆಯುವುದು. ಎತ್ತಿದವರು ಸೊಸೆಯೋ ಮಗನೋ ಆಗಿದ್ದರೆ ಗಲಿಬಿಲಿ. ಹೆಸರು ಈಗ ದಿನ ಗೊತ್ತು ಮಾಡುವಾಗ ಮಾತ್ರ ಬರುತ್ತದೆ. ಫೋನ್ ಹೋಗುವ ನಂಬರ್ ಕೂಡ ಮೊಬೈಲ್‌ನಿಂದ ಶಿರಸಿಯ ಕೋಡ್ 08384 ಇರುವ ನಮ್ಮ ಲ್ಯಾಂಡ್‌ಲೈನ್‌ಗೆ ಬದಲಾಯಿತು. ಎತ್ತುವವರೇ ಹೆಚ್ಚಾದರು.

ಸಿದ್ದಾಪುರ ಹತ್ತಿರದ ಒಬ್ಬ ಅಜ್ಜ ನಮ್ಮ ಹುಡುಗಿಯನ್ನು ಪರೀಕ್ಷೆ ಮಾಡಿದರು. "ಶಿರಸಿ ಅಂತೀಯಲ್ಲ, ಮಾರಿಕಾಂಬಾ ಗುಡಿಯಿಂದ ನಿಮ್ಮ ಅಂಗಡಿಗೆ ಹೇಗೆ ಬರ್ಬೇಕು ತಂಗಿ?" ಅವಳು ತಡವರಿಸದೆ ದಾರಿ ಹೇಳಿದಳು. ಅಜ್ಜ ಆ ಶನಿವಾರಕ್ಕೇ ಹುಡುಗನನ್ನು ಕರೆಸಿಕೊಂಡರು. ಅವತ್ತಿನಿಂದ ಯಾವ ಡೀಲರ್ ಕೆಲಸ ಬಂದರೂ ಮೊದಲು ಅಂಗಡಿಗೆ ಹೋಗುವ ದಾರಿ ಎಲ್ಲರಿಗೂ ಬಾಯಿಪಾಠ.

ಈ ಕ್ರಮ ಎಲ್ಲ ಕರೆಗೂ ಹೊಂದುವುದಿಲ್ಲ. ಒಂದು ತಿಂಗಳು ಸಾಲದ ಕಂತು ನೆನಪಿಸುವ ಕೆಲಸ ಹಿಡಿದಿದ್ದೆ. ಅಲ್ಲಿ ಎತ್ತಿದವರು ಯಾರೆಂದು ಖಾತ್ರಿಯಾಗದೆ ಸಾಲದ ವಿಷಯ ಹೇಳುವಂತಿಲ್ಲ, ಮನೆಯವರಿಗೂ ಹೇಳಬಾರದು. ಅಂದರೆ ನಮ್ಮ ಬಲವೇ ಆದ ಎರಡನೇ ವಾಕ್ಯ ಇಲ್ಲ. ಹೆಸರು, ಊರು ಹೇಳಿ "ಇಂಥವರು ಇದ್ದಾರಾ" ಅಂತ ಕೇಳಲೇಬೇಕು. ನಮಗೆ ಅದು ಸರಿಯಾಗಲಿಲ್ಲ, ಬಿಟ್ಟೆ.

ಅಳೆದಿದ್ದು ಹೇಗೆ ಅಂತ ಕೇಳುವವರಿಗೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಇಬ್ಬರಿಗೆ ಹೊಸದು, ಇಬ್ಬರಿಗೆ ಹಳೆಯದು, ವಾರಕ್ಕೊಮ್ಮೆ ಅದಲುಬದಲು, ಯಾಕೆಂದರೆ ಒಬ್ಬೊಬ್ಬರ ದನಿಯೇ ಬೇರೆ. ಐದನೆಯವಳ ದನಿಗೆ ಯಾವ ಸ್ಕ್ರಿಪ್ಟ್ ಕೊಟ್ಟರೂ ಕೆಲಸ ಆಗುತ್ತದೆ, ಅವಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ನೂರಕ್ಕೆ 20ರ ಆಸುಪಾಸು ಜನ ಮಾತ್ರ ಬೇಗ ಇಡುತ್ತಾರೆ. ವಿಸಿಟ್ ಒಬ್ಬರಿಗೆ ದಿನಕ್ಕೆ 15. ಮೇ ತಿಂಗಳಲ್ಲಿ ನಮ್ಮ ಗಳಿಕೆ ಲಕ್ಷ ದಾಟಿತು. ಕೂಗಾಡಿದ ಡೀಲರ್ ಪಕ್ಕದ ತಾಲೂಕಿನ ಪಟ್ಟಿಯನ್ನೂ ಕೊಟ್ಟಿದ್ದಾರೆ.

"ಹೂಂ" ಬರದೆ ಇದ್ದಾಗ ನಮ್ಮವರು ಹೇಳುವ ಒಂದು ಪುಟ್ಟ ಮಾತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಹೊಟ್ಟೆಪಾಡು. ಕಾರವಾರದ ಕಡೆ ಈ ಸ್ಕ್ರಿಪ್ಟ್ ಅಷ್ಟು ಚೆನ್ನಾಗಿ ನಡೆಯುತ್ತಿಲ್ಲ, ಎತ್ತಿದವರು ಯಾರು ಅಂತ ಕೊಂಕಣಿಯಲ್ಲಿ "ಕೋಣ?" ಅಂದರೆ ನಮ್ಮವರು ತಡವರಿಸುತ್ತಾರೆ. ಅಂಕೋಲಾದ ಒಬ್ಬ ಹುಡುಗಿ ಹೋದ ವಾರ ಸೇರಿದ್ದಾಳೆ. ಮೊದಲ ವಾಕ್ಯ ಕೊಂಕಣಿಯಲ್ಲಿ, ಉಳಿದದ್ದು ಕನ್ನಡದಲ್ಲಿ ಹೇಳಿಸಿ ನೋಡುತ್ತಿದ್ದೇವೆ.